ಬಲ್ಕ್ ಕ್ಯಾರಿಯರ್, ಟ್ಯಾಂಕರ್, ಕಾರ್ ಕ್ಯಾರಿಯರ್: ಒಳಗಿನ ಗೋಡೆಗಳನ್ನು ನೋಡಿ ಮಾಡಿದ ಹೋಲಿಕೆ

ಸರಕು ಹಡಗುಗಳನ್ನು ಹೋಲಿಸುವಾಗ ಉದ್ದ, ಅಗಲ ಮತ್ತು ಹೊರುವ ಟನ್ನುಗಳ ಲೆಕ್ಕದಿಂದ ಆರಂಭಿಸುವುದು ರೂಢಿ. ಡೆಕ್ ಅಧಿಕಾರಿಯಾಗಿ ಈ ಮೂರೂ ಬಗೆಯ ಹಡಗುಗಳಲ್ಲಿ ಸರಕು ತುಂಬಿಸುವ ಹೊಣೆ ಹೊತ್ತ ನನಗೆ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಬೇರೊಂದು ಪ್ರಶ್ನೆ: ಹಡಗಿನ ಒಡಲೊಳಗೆ ಗೋಡೆಗಳು ಯಾವ ದಿಕ್ಕಿಗೆ ನಿಂತಿವೆ? ಅದಿರು, ಧಾನ್ಯಗಳನ್ನು ಮೂಟೆಯಿಲ್ಲದೆ ಸುರಿದು ಸಾಗಿಸುವ ಬಲ್ಕ್ ಕ್ಯಾರಿಯರ್‌ನಲ್ಲಿ ಅಡ್ಡಗೋಡೆಗಳು ಮಾತ್ರ ಇರುತ್ತವೆ. ಅವು ಹಡಗನ್ನು ಮುಂದಿನಿಂದ ಹಿಂದಕ್ಕೆ ಸಾಲಾಗಿ ಸರಕಿನ ಕೋಣೆಗಳಾಗಿ, ಅಂದರೆ ಹೋಲ್ಡ್‌ಗಳಾಗಿ ವಿಭಾಗಿಸುತ್ತವೆ. ಟ್ಯಾಂಕರಿನಲ್ಲಿ ಅಡ್ಡಗೋಡೆಗಳ ಜೊತೆಗೆ ಉದ್ದಕ್ಕೂ ಒಂದೋ ಎರಡೋ ಗೋಡೆಗಳು ಹಾದುಹೋಗುತ್ತವೆ. ಕಾರ್ ಕ್ಯಾರಿಯರ್‌ನಲ್ಲಿ ಗೋಡೆಗಳಿಗಿಂತ ಮಹಡಿಗಳೇ ಮುಖ್ಯ. ಹನ್ನೆರಡರ ಆಸುಪಾಸಿನಲ್ಲಿರುವ ಡೆಕ್‌ಗಳ ಪೈಕಿ ಹೆಚ್ಚಿನವು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಹುತೇಕ ತೆರೆದೇ ಇರುತ್ತವೆ. ಸರಕು ಹೇಗೆ ಒಳಬರುತ್ತದೆ, ಎಷ್ಟು ಬಂತೆಂದು ಹೇಗೆ ತಿಳಿಯುತ್ತದೆ, ಅಪಾಯ ಎಲ್ಲಿ ಅಡಗಿರುತ್ತದೆ ಎಂಬ ಮೂರು ಸಂಗತಿಗಳೂ ಈ ವಿನ್ಯಾಸದಿಂದಲೇ ಹುಟ್ಟುತ್ತವೆ.

ಮೊದಲು ಟ್ಯಾಂಕರನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಉದ್ದದ ಗೋಡೆ ಏಕೆ ಬೇಕು ಎಂಬುದು ಅಲ್ಲಿ ನೇರವಾಗಿ ಅರ್ಥವಾಗುತ್ತದೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ಹಡಗು ವಾಲಿದ ಕಡೆಗೆ ದ್ರವವೂ ಹರಿಯುತ್ತದೆ. ಹರಿದ ಭಾರವು ಹಡಗನ್ನು ಇನ್ನಷ್ಟು ವಾಲಿಸುತ್ತದೆ. ಇದರಿಂದಾಗುವ ನಷ್ಟವನ್ನು ನಾವು ಜಿಎಂ ಎಂಬ ಅಳತೆಯಲ್ಲಿ ಕಳೆಯುತ್ತೇವೆ. ವಾಲಿದ ಹಡಗು ಮತ್ತೆ ನೇರವಾಗಲು ಎಷ್ಟು ಬಲ ಉಳಿದಿದೆ ಎಂಬುದನ್ನು ಮೀಟರುಗಳಲ್ಲಿ ಸೂಚಿಸುವ ಅಳತೆ ಅದು. ಒಂದು ಉದಾಹರಣೆ ನೋಡೋಣ. 25 ಮೀಟರ್ ಉದ್ದ, 40 ಮೀಟರ್ ಅಗಲದ ಒಂದೇ ಟ್ಯಾಂಕು ಅರ್ಧ ತುಂಬಿದೆ, ಎಣ್ಣೆಯ ಸಾಂದ್ರತೆ 0.85, ಹಡಗಿನ ಒಟ್ಟು ತೂಕ 1,20,000 ಟನ್ ಎಂದುಕೊಳ್ಳಿ. ಆ ಒಂದು ಟ್ಯಾಂಕಿನಿಂದಲೇ ಜಿಎಂ ಸುಮಾರು 0.94 ಮೀಟರ್ ಕಡಿಮೆಯಾಗುತ್ತದೆ. ಅದೇ ಟ್ಯಾಂಕಿನ ನಡುವೆ ಉದ್ದಕ್ಕೆ ಒಂದು ಗೋಡೆ ಹಾಕಿದರೆ ನಷ್ಟ ಕಾಲು ಭಾಗಕ್ಕೆ, ಅಂದರೆ ಸುಮಾರು 0.24 ಮೀಟರಿಗೆ ಇಳಿಯುತ್ತದೆ. ಸಮಾನ ಅಂತರದಲ್ಲಿ ಎರಡು ಗೋಡೆ ಹಾಕಿದರೆ ಒಂಬತ್ತನೇ ಒಂದು ಭಾಗ ಮಾತ್ರ ಉಳಿಯುತ್ತದೆ. ಈ ಲೆಕ್ಕದಲ್ಲಿ ಟ್ಯಾಂಕಿನ ಅಗಲವು ಘನವಾಗಿ ಬರುವುದರಿಂದ ಗೋಡೆಯೊಂದರ ಲಾಭ ಇಷ್ಟು ದೊಡ್ಡದಾಗುತ್ತದೆ. ಎಣ್ಣೆಯ ಪ್ರಮಾಣ ಬದಲಾಗಿಲ್ಲ, ಅದರ ತೂಕವೂ ಬದಲಾಗಿಲ್ಲ. ಹರಿಯಲು ಸಿಕ್ಕ ಅಗಲ ಮಾತ್ರ ಕಡಿಮೆಯಾಗಿದೆ.

ಟ್ಯಾಂಕರಿಗೆ ಸರಕು ತುಂಬಿಸುವ ಕೆಲಸ ನೋಡುವವರಿಗೆ ನೀರಸವೆನಿಸಬಹುದು. ದಡದ ಕೊಳವೆಗಳನ್ನು ಹಡಗಿನ ನಡುವೆ ಕೊಳವೆಗಳ ಬಾಯಿಗಳಿರುವ ಮ್ಯಾನಿಫೋಲ್ಡಿಗೆ ಜೋಡಿಸಿದ ಮೇಲೆ ಕಣ್ಣಿಗೆ ಕಾಣುವ ಚಟುವಟಿಕೆ ಕಡಿಮೆ. ಆದರೆ ಆರಂಭ ಮತ್ತು ಅಂತ್ಯ ಎರಡೂ ಸೂಕ್ಷ್ಮ. ಹರಿಯುವ ಎಣ್ಣೆಯಲ್ಲಿ ಸ್ಥಿರ ವಿದ್ಯುತ್ ಶೇಖರವಾಗುವುದರಿಂದ, ಅಂಥ ಸರಕಿನಲ್ಲಿ ಟ್ಯಾಂಕಿನೊಳಗಿನ ಕೊಳವೆಯ ಬಾಯಿ ಮುಳುಗುವವರೆಗೂ ಹರಿವಿನ ವೇಗವನ್ನು ಸೆಕೆಂಡಿಗೆ ಒಂದು ಮೀಟರಿನೊಳಗೆ ಹಿಡಿದಿಡಬೇಕು. ಕಚ್ಚಾ ತೈಲದ ಟ್ಯಾಂಕಿನಲ್ಲಿ ಎಣ್ಣೆಯ ಮೇಲಿನ ಖಾಲಿ ಜಾಗದಲ್ಲಿ ಆಮ್ಲಜನಕ ಶೇಕಡಾ 8 ಮೀರದಂತೆ, ಉರಿಯಲು ಬಿಡದ ಇನರ್ಟ್ ಗ್ಯಾಸ್ ತುಂಬಿರಬೇಕು. ಕೊನೆಯ ಹಂತದಲ್ಲಿ ಒಂದೊಂದೇ ಟ್ಯಾಂಕನ್ನು ಸಾಮಾನ್ಯವಾಗಿ ಶೇಕಡಾ 98ರವರೆಗೆ ತಂದು ವಾಲ್ವ್ ಮುಚ್ಚುವಾಗ, ಎಲ್ಲ ಟ್ಯಾಂಕುಗಳೂ ಒಟ್ಟಿಗೇ ತುಂಬಿಬರದಂತೆ ಅವುಗಳ ಮಟ್ಟಗಳನ್ನು ಗಂಟೆಗಳ ಮೊದಲೇ ಹಂತ ಹಂತವಾಗಿ ಇರಿಸಿಕೊಂಡಿರಬೇಕು. ಎಷ್ಟು ಸರಕು ಬಂತೆಂಬುದನ್ನು ಎಣ್ಣೆಯ ಮೇಲ್ಮೈಯಿಂದ ಟ್ಯಾಂಕಿನ ಮೇಲಿನ ಅಳತೆಯ ಬಿಂದುವಿನವರೆಗಿನ ಖಾಲಿ ಎತ್ತರ, ಅಂದರೆ ಅಲೇಜ್, ಹಾಗೂ ತಾಪಮಾನವನ್ನು ಅಳೆದು ಕೋಷ್ಟಕದಿಂದ ಕಂಡುಕೊಳ್ಳುತ್ತೇವೆ. ನನ್ನ ಅನುಭವದಲ್ಲಿ ಮೂರರ ಪೈಕಿ ಅತ್ಯಂತ ಶಿಸ್ತಿನ, ಅಷ್ಟೇ ನಂಬಬಹುದಾದ ಲೆಕ್ಕ ಟ್ಯಾಂಕರಿನದು: ಸರಕು ಎಲ್ಲಿದೆ, ಎಷ್ಟಿದೆ ಎಂಬುದನ್ನು ಹಡಗಿನವರೇ ಅಳೆಯಬಹುದು.

ಬಲ್ಕ್ ಕ್ಯಾರಿಯರ್‌ನ ಹೋಲ್ಡ್ ಅಗಲಕ್ಕೆ ಪೂರ್ತಿ ತೆರೆದಿರುತ್ತದೆ. ಮೇಲಿನಿಂದ ಅದಿರು ಸುರಿಯಬೇಕು, ಇಳಿಸುವಾಗ ಅದನ್ನು ಬಾಚುವ ಕ್ರೇನಿನ ಗ್ರ್ಯಾಬ್ ಒಳಗಿಳಿಯಬೇಕು. ನಡುವೆ ಉದ್ದದ ಗೋಡೆ ನಿಲ್ಲಿಸಿದರೆ ಈ ಎರಡೂ ಕೆಲಸ ಕೆಡುತ್ತವೆ. ಅದರ ಬದಲು ಹೋಲ್ಡಿನ ಮೇಲಿನ ಎರಡು ಮೂಲೆಗಳಲ್ಲಿ ಓರೆಯಾದ ಬ್ಯಾಲಸ್ಟ್ ಟ್ಯಾಂಕುಗಳು, ಅಂದರೆ ಹಡಗಿನ ಸಮತೋಲಕ್ಕಾಗಿ ನೀರು ತುಂಬುವ ಟ್ಯಾಂಕುಗಳು ಇರುತ್ತವೆ. ಧಾನ್ಯವನ್ನು ಹೋಲ್ಡಿನ ಮೇಲಿನ ಬಾಯಿಯಾದ ಹ್ಯಾಚಿನವರೆಗೆ ತುಂಬಿದಾಗ ಅದು ಜಾರಲು ಉಳಿಯುವ ಜಾಗವನ್ನು ಆ ಓರೆ ಕಿರಿದುಗೊಳಿಸುತ್ತದೆ. ಆದರೆ ಕಬ್ಬಿಣದ ಅದಿರಿನಂಥ ಭಾರದ ಸರಕು ಹೋಲ್ಡಿನ ತಳದಲ್ಲೇ ಉಳಿಯುತ್ತದೆ, ಆ ಮೂಲೆಗಳನ್ನು ತಲುಪುವುದೇ ಇಲ್ಲ.

ದೊಡ್ಡ ಅದಿರು ಬಂದರುಗಳಲ್ಲಿ ಲೋಡರ್ ಗಂಟೆಗೆ ಸಾವಿರಾರು ಟನ್ ಸುರಿಯುತ್ತದೆ, ಅದೇ ಹೊತ್ತಿಗೆ ನಾವು ಬ್ಯಾಲಸ್ಟ್ ನೀರನ್ನು ಹೊರಹಾಕುತ್ತಿರಬೇಕು. ಪಂಪುಗಳು ಹಿಂದೆ ಬಿದ್ದರೆ, ಅಥವಾ ಒಂದೇ ಹೋಲ್ಡಿಗೆ ಒಮ್ಮೆಗೇ ಹೆಚ್ಚು ಸುರಿದರೆ, ಹಡಗಿನ ಒಡಲು ಬಾಗುವ ಒತ್ತಡ ಮಿತಿ ಮೀರುತ್ತದೆ. ಆದ್ದರಿಂದ ಯಾವ ಹೋಲ್ಡಿಗೆ ಯಾವ ಸರದಿಯಲ್ಲಿ ಎಷ್ಟು ಟನ್ ಎಂಬ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿ, ಸಾಮಾನ್ಯವಾಗಿ ಒಂದೊಂದು ಹೋಲ್ಡನ್ನೂ ಎರಡು ಸುತ್ತಿನಲ್ಲಿ ತುಂಬಿಸುತ್ತೇವೆ. ಸರಕಿನ ತೂಕ ತಿಳಿಯುವುದು ಹಡಗು ಎಷ್ಟು ಮುಳುಗಿತು ಎಂಬುದರಿಂದ. ಮುಂದೆ, ನಡುವೆ, ಹಿಂದೆ, ಎರಡೂ ಪಕ್ಕಗಳಲ್ಲಿ ಡ್ರಾಫ್ಟ್ ಅಂಕಿಗಳನ್ನು ಓದಿ, ಬಂದರಿನ ನೀರಿನ ಸಾಂದ್ರತೆಯನ್ನೂ ಅಳೆದು ಲೆಕ್ಕ ಹಾಕುತ್ತೇವೆ. ಕೇಪ್‌ಸೈಜ್ ಎಂಬ ಬಹು ದೊಡ್ಡ ವರ್ಗದ ಬಲ್ಕ್ ಕ್ಯಾರಿಯರ್‌ನಲ್ಲಿ ಒಂದು ಸೆಂಟಿಮೀಟರ್ ಡ್ರಾಫ್ಟ್ ಎಂದರೆ ಸುಮಾರು 120 ಟನ್. ಅಲೆ ಎದ್ದಿರುವ ನೀರಿನಲ್ಲಿ ಅಂಕಿ ಓದುವವರ ಕಣ್ಣು ಸ್ವಲ್ಪ ತಪ್ಪಿದರೂ ನೂರಾರು ಟನ್ ವ್ಯತ್ಯಾಸ ಬರುತ್ತದೆ.

ತೂಕವನ್ನು ಹೀಗೆ ಹಿಡಿಯಬಹುದು, ಆದರೆ ತೇವವನ್ನು ಹಿಡಿಯುವುದು ಕಷ್ಟ. ಸಣ್ಣ ಕಣಗಳ ಕಬ್ಬಿಣದ ಅದಿರು ಮತ್ತು ನಿಕ್ಕಲ್ ಅದಿರು ಲೋಡ್ ಮಾಡುವಾಗ ಒಣಗಿದಂತೆಯೇ ಕಂಡರೂ, ಸಮುದ್ರದಲ್ಲಿ ಎಂಜಿನ್ನಿನ ಕಂಪನಕ್ಕೂ ಅಲೆಯ ಹೊಡೆತಕ್ಕೂ ಕಣಗಳು ಕುಸಿದು ನಡುವಿನ ನೀರಿನ ಒತ್ತಡ ಏರಿದಾಗ, ಇಡೀ ರಾಶಿ ದ್ರವದಂತೆ ಹರಿಯತೊಡಗುತ್ತದೆ. ಆ ಕ್ಷಣದಲ್ಲಿ ಬಲ್ಕ್ ಕ್ಯಾರಿಯರ್ ಉದ್ದದ ಗೋಡೆಗಳಿಲ್ಲದ ಟ್ಯಾಂಕರ್ ಆಗಿಬಿಡುತ್ತದೆ. ಟ್ಯಾಂಕರಿನ ಎಣ್ಣೆಯಾದರೂ ಹಡಗು ಮರಳಿದಾಗ ತಾನೂ ಮರಳುತ್ತದೆ. ಈ ಕೆಸರು ಒಂದು ಪಕ್ಕಕ್ಕೆ ಹರಿದು ಅಲ್ಲೇ ಗಟ್ಟಿಯಾಗಿ ಕುಳಿತುಬಿಡಬಹುದು. ಮಲೇಷ್ಯಾದ ಕುವಾಂತಾನ್‌ನಿಂದ 46,400 ಟನ್ ಬಾಕ್ಸೈಟ್ ಹೊತ್ತು ಹೊರಟಿದ್ದ ಬಲ್ಕ್ ಜುಪಿಟರ್ ಎಂಬ ಹಡಗು 2015ರ ಜನವರಿ 2ರಂದು ವಿಯೆಟ್ನಾಂ ಕರಾವಳಿಯಾಚೆ ಮುಳುಗಿ, 19 ಜನರ ಪೈಕಿ 18 ಜನ ಸತ್ತರು. ಬಾಕ್ಸೈಟನ್ನು ಆಗ ಹರಿಯದ ಸರಕುಗಳ ಗುಂಪಿನಲ್ಲಿ ಎಣಿಸಲಾಗಿತ್ತು. ಬಳಿಕ ನಡೆದ ಅಧ್ಯಯನವು ಸಣ್ಣ ಕಣಗಳು ಹೆಚ್ಚಿರುವ ತೇವದ ಬಾಕ್ಸೈಟಿನಲ್ಲಿ ನೀರು ಮೇಲೆದ್ದು ರಾಶಿಯ ಮೇಲ್ಭಾಗದಲ್ಲಿ ಹರಿದಾಡುವ ಕೆಸರಿನ ಪದರವಾಗುತ್ತದೆ ಎಂದು ತೋರಿಸಿತು.

ಇದನ್ನು ತಡೆಯಲು, ಸುರಿದು ಸಾಗಿಸುವ ಘನ ಸರಕುಗಳ ಅಂತರರಾಷ್ಟ್ರೀಯ ಸಂಹಿತೆಯಾದ ಐಎಂಎಸ್‌ಬಿಸಿಯಲ್ಲಿ ನಿಯಮಗಳಿವೆ. ಸರಕು ಹರಿಯತೊಡಗುವ ತೇವಾಂಶವನ್ನು ಪ್ರಯೋಗಾಲಯದಲ್ಲಿ ಕಂಡುಹಿಡಿದು, ಸಾಮಾನ್ಯವಾಗಿ ಅದರ ಶೇಕಡಾ 90 ಭಾಗವನ್ನು ಮಿತಿಯೆಂದು ಇಡುತ್ತಾರೆ. ಹರಿಯುವ ಮಟ್ಟ ಶೇಕಡಾ 11 ಆದರೆ ಮಿತಿ 9.9. ತೇವದ ಪರೀಕ್ಷೆಗೂ ಲೋಡಿಂಗಿಗೂ ನಡುವೆ ಏಳು ದಿನಕ್ಕಿಂತ ಹೆಚ್ಚು ಅಂತರ ಇರಕೂಡದು, ನಡುವೆ ಜೋರು ಮಳೆ ಬಂದರೆ ಮತ್ತೆ ಪರೀಕ್ಷಿಸಬೇಕು. ಹಡಗಿನಲ್ಲೇ ಮಾಡಬಹುದಾದ ಪರೀಕ್ಷೆ ಸರಳ: ಅರ್ಧ ಲೀಟರಿನಿಂದ ಒಂದು ಲೀಟರ್ ಹಿಡಿಯುವ ಡಬ್ಬಿಗೆ ಅರ್ಧದಷ್ಟು ಅದಿರು ಹಾಕಿ, ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಒಂದೆರಡು ಸೆಕೆಂಡಿಗೊಮ್ಮೆ ಬಲವಾಗಿ ಕುಟ್ಟುತ್ತಾ 25 ಬಾರಿ ಪೂರೈಸಬೇಕು. ಮಳೆಯಲ್ಲಿ ನೆನೆದ ರಾಶಿಯ ಮಾದರಿಯನ್ನು ಹೀಗೆ ಕುಟ್ಟುತ್ತಾ ಹೋದಾಗ, ಮಣ್ಣಿನ ಬಣ್ಣದ ಮೇಲ್ಮೈ ನಿಧಾನವಾಗಿ ಹೊಳಪೇರಿ, ಕೊನೆಗೆ ನೀರಿನ ತೆಳು ಪೊರೆ ಎದ್ದು ನಿಲ್ಲುವುದನ್ನು ನೋಡಿದ್ದೇನೆ. ಹಾಗಾದರೆ ಲೋಡಿಂಗ್ ನಿಲ್ಲಿಸಿ ಪ್ರಯೋಗಾಲಯದ ಮರುಪರೀಕ್ಷೆ ಕೇಳಬೇಕು. ನೀರು ಏಳದಿದ್ದ ಮಾತ್ರಕ್ಕೆ ಸರಕು ಸುರಕ್ಷಿತವೆಂದು ಸಾಬೀತಾಗುವುದಿಲ್ಲ. ಡಬ್ಬಿ ಎಚ್ಚರಿಸಬಲ್ಲದು, ಒಪ್ಪಿಗೆ ಕೊಡಲಾರದು.

ಕಾರ್ ಕ್ಯಾರಿಯರ್‌ನಲ್ಲಿ ತೂಕ ಕಡಿಮೆ, ಜಾಗ ಹೆಚ್ಚು. ಒಂದೂವರೆ ಟನ್ನಿನ 5,000 ಕಾರುಗಳು ಸೇರಿದರೂ 7,500 ಟನ್ ಮಾತ್ರ. ಅಷ್ಟು ಅದಿರನ್ನು ಮಧ್ಯಮ ಗಾತ್ರದ ಬಲ್ಕ್ ಕ್ಯಾರಿಯರ್‌ನ ಒಂದೇ ಹೋಲ್ಡಿಗೆ ಸುರಿಯುತ್ತಾರೆ. ಬಂದರಿನ ಚಾಲಕರ ತಂಡಗಳು ಹಿಂಬದಿಯ ರ‍್ಯಾಂಪಿನ ಮೇಲೆ ವಾಹನಗಳನ್ನು ಓಡಿಸಿಕೊಂಡು ಬಂದು, ಪಕ್ಕದ ಕಾರಿಗೂ ತಮ್ಮ ಕಾರಿಗೂ ನಡುವೆ ಅಂಗೈ ಅಗಲದಷ್ಟೇ ಜಾಗ ಬಿಟ್ಟು ನಿಲ್ಲಿಸುತ್ತವೆ. ಹಿಂದೆಯೇ ಬರುವವರು ಬೆಲ್ಟ್‌ಗಳಿಂದ ಡೆಕ್ಕಿಗೆ ಬಿಗಿಯುತ್ತಾರೆ. ಕೆಲವು ಡೆಕ್‌ಗಳನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ಎತ್ತರದ ಯಂತ್ರಗಳಿಗೆ ಜಾಗ ಮಾಡಬಹುದು. ಸಮುದ್ರದ ಉಬ್ಬರ ಇಳಿತಗಳಿಗೆ ರ‍್ಯಾಂಪಿನ ಇಳಿಜಾರು ಬದಲಾಗುವುದರಿಂದ, ತಗ್ಗಾದ ಕಾರುಗಳ ತಳ ಉಜ್ಜದಂತೆ ಅದರ ಮೇಲೆ ಕಣ್ಣಿಟ್ಟಿರಬೇಕು.

ನನ್ನ ಮಟ್ಟಿಗೆ ಮೂರರಲ್ಲಿ ಹೆಚ್ಚು ಮೋಸಗೊಳಿಸುವುದು ಇದೇ ಹಡಗು. ಇಲ್ಲಿ ಸರಕು ಹರಿಯುವುದಿಲ್ಲ, ಆದರೆ ಎತ್ತರದಲ್ಲಿರುತ್ತದೆ. ಪ್ರತಿ ವಾಹನದ ತೂಕ ಬರುವುದು ದಡದವರ ಪಟ್ಟಿಯಿಂದ. ಡ್ರಾಫ್ಟ್ ಓದಿ ಒಟ್ಟು ತೂಕವನ್ನು ಪರಿಶೀಲಿಸಬಹುದು, ಆದರೆ ಆ ತೂಕ ಯಾವ ಡೆಕ್ಕಿನಲ್ಲಿದೆ ಎಂದು ಡ್ರಾಫ್ಟ್ ಹೇಳುವುದಿಲ್ಲ. ಒಟ್ಟು 30,000 ಟನ್ ತೂಗುವ ಹಡಗಿನಲ್ಲಿ, ಹೊರಡುವಾಗ ಜಿಎಂ 1 ಮೀಟರ್ ಇರುತ್ತದೆಂದು ಲೆಕ್ಕ ಹಾಕಿದ್ದೇವೆ ಎನ್ನಿ. ಕೆಳಗಿನ ಡೆಕ್ಕಿಗೆಂದು ಬರೆದಿದ್ದ 500 ಟನ್ ಯಂತ್ರಗಳು 15 ಮೀಟರ್ ಮೇಲೆ ನಿಂತರೆ ಗುರುತ್ವಕೇಂದ್ರ 0.25 ಮೀಟರ್ ಏರುತ್ತದೆ. ಇದೆಯೆಂದು ನಂಬಿದ್ದ 600 ಟನ್ ಬ್ಯಾಲಸ್ಟ್ ತಳದ ಟ್ಯಾಂಕಿನಲ್ಲಿ ನಿಜಕ್ಕೂ ಇಲ್ಲದಿದ್ದರೆ ಇನ್ನೂ ಸುಮಾರು ಅಷ್ಟೇ ಹೋಗುತ್ತದೆ. ಎರಡು ಸಣ್ಣ ತಪ್ಪುಗಳಿಗೆ ಜಿಎಂ ಅರ್ಧವಾಯಿತು. ಕಟ್ಟೆಗೆ ಕಟ್ಟಿ ನಿಂತ ಹಡಗಿನಲ್ಲಿ ಇದು ಗೊತ್ತೇ ಆಗುವುದಿಲ್ಲ. 32 ಮೀಟರ್ ಅಗಲದ ಹಡಗು ಸಮುದ್ರದಲ್ಲಿ ಒಂದು ಪೂರ್ತಿ ತೂಗಾಟಕ್ಕೆ ಸುಮಾರು 26 ಸೆಕೆಂಡಿನ ಬದಲು 36 ಸೆಕೆಂಡ್ ತೆಗೆದುಕೊಳ್ಳುತ್ತದೆ. ಚುಕ್ಕಾಣಿ ತಿರುಗಿಸಿದಾಗ ಹೆಚ್ಚು ವಾಲಿ, ನೇರವಾಗಲು ತಡಮಾಡುತ್ತದೆ. ಅದಿರಿನ ಹಡಗಿನ ಚುರುಕು ತೂಗಾಟಕ್ಕೆ ಒಗ್ಗಿದವರಿಗೆ ಈ ನಿಧಾನ ಹಿತವೆನಿಸಬಹುದು, ಆದರೆ ಅದೇ ಅಪಾಯದ ಗುರುತು.

ಬಲ್ಕ್ ಜುಪಿಟರ್ ಮುಳುಗಿದ ಮರುದಿನವೇ, 2015ರ ಜನವರಿ 3ರಂದು, ಇಂಗ್ಲೆಂಡಿನ ಸೌತಾಂಪ್ಟನ್ ಬಿಟ್ಟ ಕಾರ್ ಕ್ಯಾರಿಯರ್ ಹೋಗ್ ಒಸಾಕಾ ತಿರುವಿನಲ್ಲಿ ವಾಲಿ ಬ್ರ್ಯಾಂಬಲ್ ಬ್ಯಾಂಕ್ ಮರಳುದಿಬ್ಬದ ಮೇಲೆ ನಿಂತಿತು. ಬಂದರುಗಳ ಸರದಿ ಬದಲಾಗಿದ್ದರೂ ಸರಕಿನ ಯೋಜನೆ ಬದಲಾಗಿರಲಿಲ್ಲ, ಸರಕಿನ ನಿಜವಾದ ತೂಕ ಅಂದಾಜಿಗಿಂತ ಹೆಚ್ಚಿತ್ತು, ಬ್ಯಾಲಸ್ಟಿನ ಅಂಕಿಗಳು ಅಂದಾಜಿನವಾಗಿದ್ದವು, ಹೊರಡುವ ಮುನ್ನ ಸ್ಥಿರತೆಯ ಅಂತಿಮ ಲೆಕ್ಕ ಮಾಡಿರಲಿಲ್ಲ ಎಂದು ಬ್ರಿಟನ್ನಿನ ತನಿಖಾ ಸಂಸ್ಥೆ ಕಂಡುಕೊಂಡಿತು. 2019ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬ್ರನ್ಸ್‌ವಿಕ್ ಬಂದರಿನಿಂದ ಹೊರಟ ಕಾರ್ ಕ್ಯಾರಿಯರ್ ಗೋಲ್ಡನ್ ರೇ ಮಗುಚಿದ್ದಕ್ಕೂ ಮೂಲ ಕಾರಣ ಕಂಪ್ಯೂಟರಿಗೆ ತಪ್ಪಾಗಿ ತುಂಬಿದ ಬ್ಯಾಲಸ್ಟ್ ಅಂಕಿಗಳು. ಅಲ್ಲಿ, ಬಂದರಿನಲ್ಲಿ ದಾರಿ ತೋರುವ ಪೈಲಟ್ ಹತ್ತಿಳಿಯಲು ಹಡಗಿನ ಪಕ್ಕದಲ್ಲಿ ತೆರೆದಿದ್ದ ಬಾಗಿಲಿನಿಂದ ನೀರೂ ಒಳನುಗ್ಗಿತು. ವಿಶಾಲವಾದ, ಅಡೆತಡೆಯಿಲ್ಲದ ಡೆಕ್ಕಿನ ಮೇಲೆ ಹರಡಿದ ನೀರಿನ ಪರಿಣಾಮ ಏನೆಂಬುದನ್ನು ಟ್ಯಾಂಕರಿನ ಲೆಕ್ಕ ಈಗಾಗಲೇ ತೋರಿಸಿದೆ. ಬೆಂಕಿ ನಂದಿಸಲು ಮೇಲಿನ ಡೆಕ್ಕಿಗೆ ಸುರಿಯುವ ನೀರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಹೀಗಾಗಿ ಬಲ್ಕ್ ಕ್ಯಾರಿಯರ್‌ನಿಂದಲೋ ಟ್ಯಾಂಕರಿನಿಂದಲೋ ಕಾರ್ ಕ್ಯಾರಿಯರ್‌ಗೆ ಬರುವ ಕಿರಿಯ ಅಧಿಕಾರಿಗಳಿಗೆ ನಾನು ಮೊದಲು ಕಲಿಸುವುದು ರ‍್ಯಾಂಪಿನ ಕೆಲಸವನ್ನಲ್ಲ. ಕೊನೆಯ ವಾಹನ ಒಳಬಂದ ಮೇಲೆ ಪ್ರತಿ ಬ್ಯಾಲಸ್ಟ್ ಟ್ಯಾಂಕಿನ ಮಟ್ಟವನ್ನು ಅಳತೆಪಟ್ಟಿ ಇಳಿಸಿ ಕೈಯಾರೆ ಅಳೆಯಬೇಕು, ಡ್ರಾಫ್ಟ್‌ನಿಂದ ಬಂದ ತೂಕವನ್ನು ಸರಕಿನ ಪಟ್ಟಿಯ ತೂಕದೊಡನೆ ತಾಳೆ ನೋಡಬೇಕು. ಎರಡರ ನಡುವೆ ಕೆಲವು ನೂರು ಟನ್ನುಗಳ ಅಂತರ ಉಳಿದರೆ ಆ ತೂಕವೆಲ್ಲ ಅತಿ ಮೇಲಿನ ಡೆಕ್ಕಿನಲ್ಲೇ ಇದೆಯೆಂದು ಭಾವಿಸಿ ಜಿಎಂ ಲೆಕ್ಕ ಮಾಡಬೇಕು. ಆ ಲೆಕ್ಕದಲ್ಲೂ ಜಿಎಂ ನಿಯಮದ ಕನಿಷ್ಠ ಮಿತಿಗಿಂತ ಮೇಲೆ ಬಂದರೆ ಮಾತ್ರ ಹಗ್ಗ ಬಿಚ್ಚಬಹುದು. ಬಾರದಿದ್ದರೆ ತಳಕ್ಕೆ ಬ್ಯಾಲಸ್ಟ್ ತುಂಬಿಸಬೇಕು, ಅಷ್ಟು ಹೊತ್ತು ಪೈಲಟ್ ಕಾಯಬೇಕಾಗುತ್ತದೆ.