ಅಂಕದ ಸಾಲಾ, ಒಂದು ಮಗುವಿನ ಉತ್ತರ ಪತ್ರಿಕೆಯಾ? ಮನೆ ಪಾಠಕ್ಕೆ ನಾವು ಹಾಕಿ ನೋಡಿದ ಎರಡು ಕ್ಯಾರಸೆಲ್

ತುಮಕೂರಿನಲ್ಲಿ ನಾನು ಮತ್ತು ನನ್ನ ತಂಗಿ ಮಕ್ಕಳ ಮನೆಗೇ ಹೋಗಿ ಗಣಿತ ಹೇಳಿಕೊಡುತ್ತೇವೆ, 8ರಿಂದ 10ನೇ ತರಗತಿಯವರಿಗೆ. ಶಾಲೆ ಶುರುವಾಗುವ ಮುಂಚೆ ಇನ್‌ಸ್ಟಾಗ್ರಾಂನಲ್ಲಿ ಒಂದು ಕ್ಯಾರಸೆಲ್, ಅಂದರೆ ಪಕ್ಕಕ್ಕೆ ಸರಿಸುತ್ತಾ ನೋಡುವ ಹಲವು ಸ್ಲೈಡ್‌ಗಳ ಪೋಸ್ಟ್, ಹಾಕುತ್ತೇವೆ. ಇದನ್ನು ಎರಡು ರೀತಿಯಲ್ಲಿ ಮಾಡಿ ನೋಡಿದ್ದೇವೆ: ಒಂದರಲ್ಲಿ ಎಲ್ಲರ ಅಂಕಗಳ ಸಾಲು, ಇನ್ನೊಂದರಲ್ಲಿ ಒಂದೇ ಮಗುವಿನ ಉತ್ತರ ಪತ್ರಿಕೆ. ಈಗ ನಾನು ಹಾಕುವುದು ಎರಡನೆಯದನ್ನೇ.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ರೀತಿ. ಬಿ.ಎಚ್. ರಸ್ತೆಯಲ್ಲಿ ಹೋಗುವಾಗ ಫ್ಲೆಕ್ಸ್‌ಗಳಲ್ಲಿ ಕಾಣುತ್ತದಲ್ಲ, ಹಾಗೆ. ಮೊದಲ ಸ್ಲೈಡ್‌ನಲ್ಲಿ ದೊಡ್ಡದಾಗಿ ಒಂದು ಅಂಕ, ಎರಡನೆಯದರಲ್ಲಿ ನಮ್ಮ ಪರಿಚಯ, ಆಮೇಲೆ ಮಕ್ಕಳ ಫೋಟೊ ಮತ್ತು ಅಂಕ, ಕೊನೆಗೆ 'ದಾಖಲಾತಿ ಆರಂಭ, ಶೇ. 10 ರಿಯಾಯಿತಿ'. ಲೈಕ್ ಇದಕ್ಕೇ ಜಾಸ್ತಿ ಬಂತು. ಆದರೆ ಲೈಕ್ ಮಾಡಿದವರು ಯಾರು ಅಂತ ನೋಡಿದರೆ ಆ ಮಕ್ಕಳ ಅತ್ತೆ, ಮಾವ, ಚಿಕ್ಕಪ್ಪಂದಿರು. ಹೊಸಬರಿಂದ ಬಂದ ಮೆಸೇಜ್ 'ಫೀಸ್ ಎಷ್ಟು?' ಅನ್ನುವಷ್ಟೇ. ಹೇಳಿದ ಮೇಲೆ ಮುಂದಿನ ಮಾತೇ ಇಲ್ಲ. ಅವರು ಕೇಳುವುದಕ್ಕಾದರೂ ಏನಿದೆ? 92 ಅಂಕ ತೆಗೆದ ಹುಡುಗಿ ನಮ್ಮ ಹತ್ತಿರ ಬರುವ ಮೊದಲೇ 88 ತೆಗೆಯುತ್ತಿದ್ದಳೋ 50 ತೆಗೆಯುತ್ತಿದ್ದಳೋ ಅಂತ ಆ ಸ್ಲೈಡ್ ಹೇಳುವುದೇ ಇಲ್ಲ.

ಸರಿ, ಹಿಂದಿನ ಅಂಕವನ್ನೂ ಪಕ್ಕದಲ್ಲಿ ಹಾಕಿದರಾಯಿತು ಅಲ್ವಾ ಅಂತ ಅನ್ನಿಸಬಹುದು. ಅಲ್ಲಿ ಒಂದು ಗುಂಡಿ ಇದೆ. ಎಸ್ಸೆಸ್ಸೆಲ್ಸಿ ಗಣಿತದ ಲಿಖಿತ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಶಾಲೆ ಕೊಡುವ ಆಂತರಿಕ ಅಂಕ. ಒಬ್ಬ ಹುಡುಗ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 80ಕ್ಕೆ 48 ತೆಗೆದ, ಅಂಕಪಟ್ಟಿಯಲ್ಲಿ 68 ಬಂತು ಅಂತಿಟ್ಟುಕೊಳ್ಳಿ. '48ರಿಂದ 68ಕ್ಕೆ' ಅಂತ ಸ್ಲೈಡ್ ಮಾಡಿದರೆ ನೋಡೋಕೆ ಚೆನ್ನಾಗಿರುತ್ತದೆ. ಆದರೆ ಆಂತರಿಕ 20 ಪೂರ್ತಿ ಸಿಕ್ಕಿದ್ದರೆ ಲಿಖಿತದಲ್ಲಿ ಅವನು ತೆಗೆದಿರುವುದು ಅದೇ 48. ಒಂದು ಅಂಕವೂ ಏರಿಲ್ಲ. ಇಂಥ ಸ್ಲೈಡ್ ಕಂಡರೆ ಪೋಷಕರು 'ಎಷ್ಟಕ್ಕೆ ಎಷ್ಟು?' ಅಂತ ಕೇಳಲೇಬೇಕು.

ಎರಡನೇ ರೀತಿಯಲ್ಲಿ ನಾವು ಶಾಲೆಯ ಅಂಕವನ್ನೇ ಬಿಟ್ಟೆವು. ನಾವೇ ಮಾಡುವ 25 ಅಂಕದ ಟೆಸ್ಟ್ ಇದೆ. ಮಗು ಸೇರಿದ ವಾರ ಒಂದು ಸಲ, ಮತ್ತೆ ಮೂರು ತಿಂಗಳಿಗೆ ಅದೇ ಮಾದರಿಯ ಬೇರೆ ಲೆಕ್ಕಗಳೊಂದಿಗೆ ಇನ್ನೊಂದು ಸಲ. ನಾವು ತೋರಿಸಿದ್ದು ಎಂಟನೇ ತರಗತಿಯ ಒಬ್ಬ ಹುಡುಗನ ಪತ್ರಿಕೆ. ಜೂನ್‌ನಲ್ಲಿ 9, ಸೆಪ್ಟೆಂಬರ್‌ನಲ್ಲಿ 18. ಮೊದಲ ಸ್ಲೈಡ್‌ನಲ್ಲಿ ಇಷ್ಟೇ: '25ಕ್ಕೆ 9. ಮೂರು ತಿಂಗಳ ಮೇಲೆ 18. ಬದಲಾಗಿದ್ದು ಏನು?'

ಎರಡನೇ ಸ್ಲೈಡ್ ಬಹಳ ಮುಖ್ಯ. ಮೊದಲನೆಯದನ್ನು ನೋಡಿ ಪಕ್ಕಕ್ಕೆ ಸರಿಸದೆ ಹೋದವರಿಗೆ ಇನ್‌ಸ್ಟಾಗ್ರಾಂ ಕೆಲವೊಮ್ಮೆ ಅದೇ ಪೋಸ್ಟನ್ನು ಎರಡನೇ ಸ್ಲೈಡ್‌ನಿಂದ ಮತ್ತೆ ತೋರಿಸುತ್ತದೆ. ಅಲ್ಲಿ ನಮ್ಮ ಪರಿಚಯ ಇಟ್ಟರೆ ಆ ಅವಕಾಶ ಸುಮ್ನೆ ಹೋಯಿತು. ಅದಕ್ಕೇ ಅಲ್ಲಿ ಹುಡುಗನ ಕೈಬರಹದ ಫೋಟೊ ಇಟ್ಟೆವು. 3x − 7 = 2x + 5 ಅನ್ನುವ ಲೆಕ್ಕ. ಅವನು ಬರೆದದ್ದು 3x − 2x = 5 − 7, ಉತ್ತರ x = −2. ಅವನು ತಂದ −7ರ ಸುತ್ತ ಒಂದು ಕೆಂಪು ಗೆರೆ, ಅಷ್ಟೇ.

ಮೂರನೇ ಸ್ಲೈಡ್‌ನಲ್ಲಿ ಕಾರಣ. 2xನ ಚಿಹ್ನೆಯನ್ನು ಅವನು ಸರಿಯಾಗಿಯೇ ಬದಲಾಯಿಸಿದ್ದಾನೆ, −7 ಅನ್ನು ಮಾತ್ರ ಹಾಗೇ ಆ ಕಡೆಗೆ ತಂದಿದ್ದಾನೆ. ಕೇಳಿದರೆ 'ಅದಕ್ಕೆ ಆಗ್ಲೇ ಮೈನಸ್ ಇದೆಯಲ್ಲ ಮಿಸ್' ಅಂದ. ಚಿಹ್ನೆ ಬದಲಾಗುವುದು ಅಂದರೆ ಮೈನಸ್ ಆಗುವುದು ಅಂತ ಅವನು ತಿಳಿದುಕೊಂಡಿದ್ದ. ನಾಲ್ಕನೇ ಸ್ಲೈಡ್‌ನಲ್ಲಿ ನಾವು ಮಾಡಿದ್ದು: 'ಆ ಕಡೆಗೆ ತರುವುದು' ಅನ್ನುವುದನ್ನೇ ಕೆಲವು ವಾರ ನಿಲ್ಲಿಸಿ, ಎರಡೂ ಕಡೆ 7 ಕೂಡಿಸಿ ಬರೆಸಿದೆವು, ಬಂದ ಉತ್ತರವನ್ನು ಲೆಕ್ಕದಲ್ಲಿ ಹಾಕಿ ನೋಡುವ ಅಭ್ಯಾಸ ಮಾಡಿಸಿದೆವು. x = 12 ಹಾಕಿದರೆ ಎರಡೂ ಕಡೆ 29. ಐದನೇ ಸ್ಲೈಡ್‌ನಲ್ಲಿ ಸೆಪ್ಟೆಂಬರ್ ಪತ್ರಿಕೆ, ಅಂಚಿನಲ್ಲಿ ಅವನೇ ತಾಳೆ ನೋಡಿದ ಗುರುತಿನ ಸಮೇತ.

ಆರನೆಯದರ ಬಗ್ಗೆ ನಮ್ಮಿಬ್ಬರಿಗೂ ವಾದವೇ ಆಯಿತು. 18 ಬಂದರೂ ಹೇಳಿಕೆಯ ಲೆಕ್ಕಗಳು ಅವನಿಗೆ ಇನ್ನೂ ಕಷ್ಟ. ಅದನ್ನೂ ಬರೆಯೋಣ, ಜೊತೆಗೆ ಅದೇ ತಿಂಗಳು ಸೇರಿದ ಎಲ್ಲ ಮಕ್ಕಳ ಎರಡೂ ಟೆಸ್ಟಿನ ಅಂಕ ಹಾಕೋಣ ಅಂದೆ ನಾನು, ಅಂಕ ಏರದ ಒಬ್ಬಳದ್ದೂ ಸೇರಿ. ತಂಗಿಗೆ ಅದು ಇಷ್ಟವಿರಲಿಲ್ಲ. ಹಾಕಿದೆವು. ಬಂದ ಮೆಸೇಜುಗಳಲ್ಲಿ ಈ ಸ್ಲೈಡ್ ಬಗ್ಗೆಯೇ ಜಾಸ್ತಿ ಮಾತು. ಒಂದೇ ಮಗುವನ್ನು ತೋರಿಸಿದರೆ ಆರಿಸಿ ತೋರಿಸಿದ್ದಾರೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಪೂರ್ತಿ ಪಟ್ಟಿ ಇದ್ದರೆ ಆ ಅನುಮಾನ ಇರುವುದಿಲ್ಲ.

ಈ ರೀತಿಯಲ್ಲಿ ಕೆಲಸ ಜಾಸ್ತಿ, ನಿಜ. ಜೂನ್‌ನ ಪತ್ರಿಕೆಯನ್ನು ಜೂನ್‌ನಲ್ಲೇ ಎತ್ತಿಟ್ಟಿರಬೇಕು. ಹೆಸರು, ಶಾಲೆ ಮುಚ್ಚಬೇಕು, ತಾಯಿ ತಂದೆಯನ್ನೂ ಮಗುವನ್ನೂ ಕೇಳಬೇಕು. 50ಕ್ಕಿಂತ ಹೆಚ್ಚು ಮಕ್ಕಳಿರುವ ಕೋಚಿಂಗ್ ಸೆಂಟರ್‌ಗಳಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ನಿಯಮ ತಂದಿದೆ: ಅಭ್ಯರ್ಥಿಯ ಹೆಸರು, ಫೋಟೊ ಬಳಸಲು ಫಲಿತಾಂಶ ಬಂದ ಮೇಲೆಯೇ ಒಪ್ಪಿಗೆ ಪಡೆಯಬೇಕು. ನಮ್ಮಂಥ ಸಣ್ಣವರು ಅದರೊಳಗೆ ಬರುವುದಿಲ್ಲ, ಆದರೂ ನಾವು ಹಾಗೇ ಮಾಡುತ್ತೇವೆ. ಇನ್ನೊಂದು, ಕನ್ನಡದಲ್ಲಿ ಬರೆಯುವಾಗ ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ. ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಫೋನಿನಲ್ಲಿ ಓದೋಕೆ ಆಗಲ್ಲ.

ಕೊನೆಯ ಸ್ಲೈಡ್‌ನಲ್ಲಿ ರಿಯಾಯಿತಿಯನ್ನು ಕೈಬಿಟ್ಟೆವು. ಅದರ ಬದಲು ಹೀಗೆ ಬರೆದೆವು: 'ನಿಮ್ಮ ಮಗುವಿಗೂ ಈ ಟೆಸ್ಟ್ ಉಚಿತ. ಎಲ್ಲಿ ತಪ್ಪುತ್ತಿದೆ ಅಂತ ಗುರುತು ಹಾಕಿದ ಪತ್ರಿಕೆ ನಿಮಗೇ ಕೊಡುತ್ತೇವೆ, ಆಮೇಲೆ ಸೇರುವುದು ಬಿಡುವುದು ನಿಮ್ಮಿಷ್ಟ. ಎಸ್.ಎಸ್. ಪುರಂ, ಸಿದ್ಧಗಂಗಾ ಬಡಾವಣೆ, ಬಟವಾಡಿ. ಸಂಜೆ 5ರಿಂದ 8. ತರಗತಿ ಮತ್ತು ಬಡಾವಣೆ ಬರೆದು ಮೆಸೇಜ್ ಮಾಡಿ.' ಕೆಳಗೆ ತಿಂಗಳ ಫೀಸ್, ಓಡಾಟದ ಖರ್ಚು ಸೇರಿ. ಐದು ಸ್ಲೈಡ್ ತಪ್ಪು ಹುಡುಕುವುದನ್ನೇ ತೋರಿಸಿ ಕೊನೆಗೆ ದುಡ್ಡು ಕಡಿಮೆ ಅಂದರೆ ಒಂದಕ್ಕೊಂದು ಹೊಂದುವುದಿಲ್ಲ, ಅದಕ್ಕೇ ಈ ಟೆಸ್ಟ್. ಮೆಸೇಜುಗಳ ಧಾಟಿಯೂ ಬದಲಾಯಿತು: 'ನಮ್ಮ ಹುಡುಗೀನೂ ಹೀಗೇ ಮಾಡ್ತಾಳೆ ಮೇಡಂ, ಬಟವಾಡಿಗೆ ಬುಧವಾರ ಬರೋಕಾಗುತ್ತಾ?'

ಇಲ್ಲಿ ಎರಡು ವಿಷಯ ನೋಡಿಕೊಳ್ಳಿ. ಜನ ಪೂರ್ತಿ ಪೋಸ್ಟ್ ಕಳಿಸುವುದಿಲ್ಲ, ಕೊನೆಯ ಸ್ಲೈಡ್‌ನ ಸ್ಕ್ರೀನ್‌ಶಾಟ್ ತೆಗೆದು ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕುತ್ತಾರೆ. ಹಾಗಾಗಿ ನಮ್ಮ ಹೆಸರು, ವಿಷಯ, ನಂಬರ್ ಎಲ್ಲವೂ ಅದೊಂದರಲ್ಲೇ ಇರಬೇಕು. ಮತ್ತೆ, ಪೋಸ್ಟ್ ಹಾಕಿದ ಮೇಲೆ ಸ್ಲೈಡ್‌ನ ಚಿತ್ರದೊಳಗಿನ ಅಕ್ಷರ ತಿದ್ದಲು ಆಗುವುದಿಲ್ಲ, ಕೆಳಗಿನ ಬರಹವನ್ನು ತಿದ್ದಬಹುದು. ಅದಕ್ಕೇ ಇನ್ನೆಷ್ಟು ಮಕ್ಕಳಿಗೆ ಜಾಗ ಇದೆ ಅನ್ನುವುದನ್ನು ನಾವು ಕೆಳಗಿನ ಬರಹದಲ್ಲೇ ಇಡುತ್ತೇವೆ, ತುಂಬಿದ ದಿನವೇ ಬದಲಾಯಿಸುತ್ತೇವೆ.