ಹಾನಿ ಆಗಿದೆಯೇ, ಆಗಬಹುದೇ? ಎರಡು ಪರಿಸರ ತತ್ವಗಳ ಹೋಲಿಕೆ

ಒಂದು ಪ್ರಕರಣಕ್ಕೆ ‘ಮಾಲಿನ್ಯ ಮಾಡಿದವರೇ ವೆಚ್ಚ ಭರಿಸಬೇಕು’ ಎಂಬ ತತ್ವ ಹೊಂದುತ್ತದೆಯೋ, ಹಾನಿಯಾಗುವ ಮೊದಲೇ ತಡೆಯಬೇಕೆನ್ನುವ ‘ಮುನ್ನೆಚ್ಚರಿಕೆ ತತ್ವ’ ಹೊಂದುತ್ತದೆಯೋ ಎಂದು ಆರಿಸುವಾಗ, ಹಾನಿ ಈಗಾಗಲೇ ನಡೆದಿದೆಯೇ ಎಂಬುದನ್ನು ಮೊದಲು ನೋಡಬೇಕು.

ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಚ್ರಿ ಗ್ರಾಮದಲ್ಲಿ ಬಣ್ಣಗಳ ತಯಾರಿಕೆಗೆ ಬಳಸುವ ಎಚ್-ಆಮ್ಲವನ್ನು ತಯಾರಿಸುತ್ತಿದ್ದ ಕಾರ್ಖಾನೆಗಳ ವಿಷಕಾರಿ ಕೆಸರು ನೆಲಕ್ಕಿಳಿದು, ಬಾವಿಗಳ ನೀರು ಕುಡಿಯಲಾಗದಂತೆ ಬಣ್ಣಗೆಟ್ಟಿತು. ಹಾನಿ ಕಣ್ಣೆದುರಿಗಿದ್ದುದರಿಂದ, 1996ರಲ್ಲಿ ಸುಪ್ರೀಂ ಕೋರ್ಟ್ ಮೊದಲ ತತ್ವವನ್ನು ಅನ್ವಯಿಸಿ, ಮಣ್ಣು ಮತ್ತು ಅಂತರ್ಜಲವನ್ನು ಸರಿಪಡಿಸುವ ವೆಚ್ಚವನ್ನೂ ಕಾರ್ಖಾನೆಗಳ ಮೇಲೆಯೇ ಹೊರಿಸಿತು. ತಾವು ಸಾಕಷ್ಟು ಎಚ್ಚರ ವಹಿಸಿದ್ದೆವು ಎಂಬ ಸಮರ್ಥನೆಗೆ ಇಲ್ಲಿ ಬೆಲೆಯಿಲ್ಲ.

ಹೈದರಾಬಾದಿಗೆ ಕುಡಿಯುವ ನೀರು ಒದಗಿಸುವ ಹಿಮಾಯತ್ ಸಾಗರ ಮತ್ತು ಉಸ್ಮಾನ್ ಸಾಗರಗಳ ಸಮೀಪ ಹರಳೆಣ್ಣೆಯ ಉತ್ಪನ್ನಗಳ ಕಾರ್ಖಾನೆಗೆ ಅನುಮತಿ ಕೇಳಲಾಗಿದ್ದ ನಾಯ್ಡು ಪ್ರಕರಣದ ಸಂಗತಿ ಬೇರೆ. ಅಲ್ಲಿ ಕೆರೆ ಇನ್ನೂ ಕೆಟ್ಟಿರಲಿಲ್ಲ, ಕೆಡಬಹುದೆಂಬ ಆತಂಕವಿತ್ತು. ಹೀಗಾಗಿ, ಮುನ್ನೆಚ್ಚರಿಕೆ ತತ್ವದಂತೆ ಅಪಾಯವಿಲ್ಲವೆಂದು ಸಾಬೀತುಪಡಿಸುವ ಹೊಣೆ ಉದ್ಯಮಿಯದೇ ಎಂಬ ನಿಯಮವನ್ನು 1999ರ ತೀರ್ಪು ವಿವರಿಸಿತು. ಆದರೆ ಬರಿಯ ಗುಮಾನಿ ಸಾಲದು. ಗಂಭೀರ ಹಾನಿಯ ಸಾಧ್ಯತೆಗೆ ತಕ್ಕಮಟ್ಟಿನ ವೈಜ್ಞಾನಿಕ ಆಧಾರವಿರಬೇಕು.

ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಎಡವುವುದು ಎರಡೂ ತತ್ವಗಳು ಹೊಂದುವ ಮಿಶ್ರ ಸಂಗತಿಗಳಲ್ಲಿ. ತಮಿಳುನಾಡಿನ ಚರ್ಮ ಹದಗೊಳಿಸುವ ಘಟಕಗಳು ಪಾಲಾರ್ ನದಿಯನ್ನು ಕೆಡಿಸಿದ್ದ ವೆಲ್ಲೂರು ಪ್ರಕರಣದಲ್ಲಿ (1996) ನ್ಯಾಯಾಲಯ ಎರಡನ್ನೂ ಬಳಸಿತು: ಆದ ಹಾನಿಗೆ ಪರಿಹಾರ, ಮುಂದಿನ ಹಾನಿಗೆ ಶುದ್ಧೀಕರಣ ಘಟಕವಿಲ್ಲದೆ ನಡೆಸಬಾರದೆಂಬ ತಡೆ. ಹಣ ಕಟ್ಟಿದ ಮಾತ್ರಕ್ಕೆ ಮಾಲಿನ್ಯ ಮುಂದುವರಿಸಲು ಪರವಾನಗಿ ದೊರೆಯುವುದಿಲ್ಲ.