ತೊಗರಿ ತುಟ್ಟಿಯಾದಾಗ ಯಾವ ರೇಖೆ ಸರಿಸಬೇಕು?

ಬೇಡಿಕೆ, ಪೂರೈಕೆಯ ನಕ್ಷೆಯಲ್ಲಿ ರೇಖೆಯನ್ನೇ ಸರಿಸಬೇಕೋ, ರೇಖೆಯ ಮೇಲೆ ಬಿಂದುವನ್ನು ನಡೆಸಬೇಕೋ? ಮೊದಲು ಕಾರಣ ನೋಡಿ. ತೊಗರಿ ಬೇಳೆಯ ಬೆಲೆಯೊಂದೇ ಬದಲಾಗಿದ್ದರೆ ಅದೇ ರೇಖೆಯ ಮೇಲೆ ಚಲನೆ. ಮಳೆ, ಆದಾಯ, ಹೆಸರು ಬೇಳೆಯ ದರ ಬದಲಾಗಿದ್ದರೆ ರೇಖೆಯದೇ ಪಲ್ಲಟ.

ಕಲಬುರಗಿಯಲ್ಲಿ ಮಳೆ ಕೈಕೊಟ್ಟಿತೆನ್ನಿ. ಅಂಕಿಗಳು ಲೆಕ್ಕಕ್ಕಾಗಿ ಊಹಿಸಿದವು: ಕಿಲೋಗೆ P ರೂಪಾಯಿ, ಪ್ರಮಾಣ ಕ್ವಿಂಟಲ್‌ನಲ್ಲಿ. ಬೇಡಿಕೆ 300 − P, ಪೂರೈಕೆ P + 20. ಸಮತೋಲನದಲ್ಲಿ ಬೆಲೆ 140, ಪ್ರಮಾಣ 160. ಬರದಿಂದ ಪೂರೈಕೆ P − 20 ಆಯಿತು, ಅಂದರೆ ರೇಖೆ 40 ಕ್ವಿಂಟಲ್ ಎಡಕ್ಕೆ ಸರಿಯಿತು. ಹೊಸ ಬೆಲೆ 160, ಪ್ರಮಾಣ 140.

ರೇಖೆ 40 ಸರಿದರೂ ಪ್ರಮಾಣ ಇಳಿದದ್ದು 20 ಮಾತ್ರ. ಹಳೆಯ 140ರ ಬೆಲೆಗೆ 40 ಕ್ವಿಂಟಲ್ ಕೊರತೆ ಬಿತ್ತು. ಬೆಲೆ ಏರಿದಂತೆ ಕೊಳ್ಳುವವರು 20 ಕಡಿಮೆ ಮಾಡಿದರು, ಮಾರುವವರು ಹೊಸ ರೇಖೆಯ ಮೇಲೆ ನಡೆದು 20 ಹೆಚ್ಚು ತಂದರು.

ಇಲ್ಲಿ ಬೇಡಿಕೆ ರೇಖೆ ಕದಲಲೇ ಇಲ್ಲ. ಅದನ್ನೂ ಎಡಕ್ಕೆ ಎಳೆಯುವುದೇ ಪರೀಕ್ಷೆಯಲ್ಲಿ ಅಂಕ ಕಳೆಯುವ ತಪ್ಪು. ಬೆಲೆ, ಪ್ರಮಾಣ ವಿರುದ್ಧ ದಿಕ್ಕಿಗೆ ಹೋದರೆ ಪೂರೈಕೆ ಸರಿದಿದೆ ಎಂದು ಅನುಮಾನಿಸಿ. ಎರಡೂ ಒಟ್ಟಿಗೆ ಏರಿದರೆ ಬೇಡಿಕೆ. ಎರಡೂ ರೇಖೆ ಒಮ್ಮೆಗೇ ಸರಿದಿದ್ದರೆ ಈ ಗುರುತು ಸಾಲದು.